ಡಬ್ಬಿಯ ಲೆಕ್ಕ ಆರ್ಡರ್‌ಗೆ ಅಲ್ಲ, ಪದಾರ್ಥಕ್ಕೆ: ಕಲಬುರಗಿಯ ಮನೆ ಕ್ಲೌಡ್ ಕಿಚನ್ನಿನ ಪ್ಯಾಕಿಂಗ್ ದಾಸ್ತಾನು

ನಮ್ಮ ಅಡುಗೆಮನೆಯಿಂದ ಹೊರಗೆ ಹೋಗುವುದು ಮುಖ್ಯವಾಗಿ ಮೂರು: ರೊಟ್ಟಿ ಊಟ, ತಹರಿ, ಮತ್ತೆ ಬಿಡಿಯಾಗಿ ಕೇಳುವ ಎಣ್ಣೆಗಾಯಿ. ಮೊದಮೊದಲು ತಿಂಗಳಿಗೆ ಎಷ್ಟು ಡಬ್ಬಿ ಖರ್ಚಾಯಿತು ಎಂದು ನೋಡಿ, ಅದನ್ನು ಆರ್ಡರ್ ಸಂಖ್ಯೆಯಿಂದ ಭಾಗಿಸಿ, ಬಂದ ಸರಾಸರಿಯಂತೆ ಮಾಲು ತರಿಸುತ್ತಿದ್ದೆವು. ಆ ಲೆಕ್ಕ ಪ್ರತಿ ಭಾನುವಾರ ಕೈಕೊಡುತ್ತಿತ್ತು. ಒಬ್ಬರು ಒಂದು ತಹರಿ ತರಿಸಿದರೂ ಒಂದು ಆರ್ಡರ್, ಇನ್ನೊಬ್ಬರು ಹತ್ತು ರೊಟ್ಟಿ ಊಟ ತರಿಸಿದರೂ ಒಂದೇ ಆರ್ಡರ್. ಮೊದಲನೆಯದಕ್ಕೆ ಎರಡು ಡಬ್ಬಿ, ಎರಡನೆಯದಕ್ಕೆ ಮೂವತ್ತು.

ಈಗ ಒಂದೊಂದು ಪದಾರ್ಥಕ್ಕೂ ಪ್ಯಾಕಿಂಗ್ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೇವೆ. ರೊಟ್ಟಿ ಊಟಕ್ಕೆ 250 ಮಿ.ಲೀ. ಡಬ್ಬಿ ಎರಡು (ಎಣ್ಣೆಗಾಯಿಗೊಂದು, ಪುಂಡಿಪಲ್ಯಕ್ಕೊಂದು), ಮೊಸರಿಗೆ 100 ಮಿ.ಲೀ. ಒಂದು, ರೊಟ್ಟಿಗೆ ಬಟರ್ ಪೇಪರ್ ಒಂದು ಹಾಳೆ ಮತ್ತು ಫಾಯಿಲ್ ಕವರ್ ಒಂದು, ಶೇಂಗಾ ಹಿಂಡಿಗೆ ಸಣ್ಣ ಪೇಪರ್ ಪೊಟ್ಟಣ ಒಂದು. ತಹರಿಗೆ 750 ಮಿ.ಲೀ. ಒಂದು, ರಾಯಿತಕ್ಕೆ 100 ಮಿ.ಲೀ. ಒಂದು. ಬಿಡಿ ಎಣ್ಣೆಗಾಯಿಗೆ 250 ಒಂದು. ಕೈಚೀಲ ಮಾತ್ರ ಈ ಚೀಟಿಯಲ್ಲಿ ಬರುವುದಿಲ್ಲ, ಯಾಕೆಂದರೆ ಅದು ನಿಜವಾಗಿಯೂ ಆರ್ಡರ್‌ಗೆ ಸೇರಿದ್ದು: ಎರಡು ಊಟದವರೆಗೆ ಸಣ್ಣದು, ಮೂರರಿಂದ ಐದಕ್ಕೆ ದೊಡ್ಡದು, ಐದು ದಾಟಿದರೆ ಇನ್ನೊಂದು ದೊಡ್ಡದು.

ಒಂದು ವಾರದ ಲೆಕ್ಕ ಹೀಗಿತ್ತು. 168 ಆರ್ಡರ್, ಅವುಗಳಲ್ಲಿ 140 ರೊಟ್ಟಿ ಊಟ, 95 ತಹರಿ, 40 ಬಿಡಿ ಎಣ್ಣೆಗಾಯಿ. ಚೀಟಿಯ ಪ್ರಕಾರ 250ರ ಡಬ್ಬಿ 140ರ ಎರಡರಷ್ಟು, ಜೊತೆಗೆ 40, ಒಟ್ಟು 320. ನೂರರವು 235. ಮುಕ್ಕಾಲು ಲೀಟರಿನವು 95. ಚೀಲದಲ್ಲಿ 148 ಆರ್ಡರ್ ಸಣ್ಣದರಲ್ಲೇ ಹೋದವು. ಉಳಿದ 20 ಆರ್ಡರ್‌ಗಳಲ್ಲಿ ಮೂರಕ್ಕೆ ಎರಡೆರಡು ಬೇಕಾದ್ದರಿಂದ ದೊಡ್ಡ ಚೀಲ 23. ಸ್ಟಿಕ್ಕರ್ 250 ಮತ್ತು 750ರ ಡಬ್ಬಿಗೆ ಮಾತ್ರ. ಮೊಸರು, ರಾಯಿತ ಹೊರಗಿನಿಂದಲೇ ಕಾಣುತ್ತವೆ, ಅವಕ್ಕೆ ಹೆಸರು ಬೇಡ. ಅಲ್ಲಿಗೆ 415. ಪ್ರತಿ ಚೀಲದ ಬಾಯಿಗೆ ಸೀಲ್ ಆಗಿ ಅಂಟಿಸುವ ಬಿಲ್ ಸ್ಟಿಕ್ಕರ್ 171. ಒಟ್ಟು 586, ಅಂದರೆ ಸಾವಿರದ ಒಂದು ರೋಲ್ ಎರಡು ವಾರ ಬರುವುದಿಲ್ಲ.

ಇದು ಆಗಬೇಕಾಗಿದ್ದ ಖರ್ಚು. ಆದ ಖರ್ಚು ತಿಳಿಯಲು ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಎಣಿಸುತ್ತೇವೆ. ಹಿಂದಿನ ಸೋಮವಾರ ಇದ್ದದ್ದು, ಅದಕ್ಕೆ ವಾರದಲ್ಲಿ ತಂದದ್ದು ಕೂಡಿಸಿ, ಇವತ್ತು ಉಳಿದದ್ದು ಕಳೆದರೆ ಬಂತು. 250ರ ಡಬ್ಬಿ 410 ಇತ್ತು, 500 ತಂದಿದ್ದೆವು, ಉಳಿದದ್ದು 548. ಖರ್ಚು 362. ಚೀಟಿಗಿಂತ 42 ಜಾಸ್ತಿ. ಇದನ್ನೊಂದೇ ನೋಡಿದರೆ ಯಾರೋ ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಪಕ್ಕದ ಸಾಲು ನೋಡಬೇಕು: ನೂರರ ಡಬ್ಬಿ 235 ಹೋಗಬೇಕಿತ್ತು, ಹೋದದ್ದು 212. ಅಲ್ಲಿ 23 ಕಡಿಮೆ. ಒಂದು ಅಳತೆಯಲ್ಲಿ ಜಾಸ್ತಿ, ಅದರ ಕೆಳಗಿನ ಅಳತೆಯಲ್ಲಿ ಕಡಿಮೆ ಬಂದರೆ ಅದು ಬಹಳ ಸಲ ನಷ್ಟವಲ್ಲ, ಅದಲುಬದಲು. ಪ್ಯಾಕಿಂಗ್ ಮಾಡುವ ಹುಡುಗಿಯನ್ನು ಕೇಳಿದಾಗ ಉತ್ತರ ಸಿಕ್ಕಿತು: "ಅಕ್ಕಾ, ಐತವಾರ ನೂರರ ಮುಚ್ಚಳ ಮುಗದಿದ್ವು, ರಾಯಿತ ದೊಡ್ಡದರಾಗ ಹಾಕೀನಿ." ಡಬ್ಬಿ ಇದ್ದವು, ಮುಚ್ಚಳ ಇರಲಿಲ್ಲ.

ಉಳಿದ 19ರಲ್ಲಿ 9 ನಮ್ಮದೇ ಫ್ರಿಜ್ಜಿನಲ್ಲಿದ್ದವು, ಹೆಚ್ಚಿದ ಈರುಳ್ಳಿ, ಹುಣಸೆ ರಸ ತುಂಬಿಕೊಂಡು. ಅದಕ್ಕೆ ಈಗ ಸ್ಟೀಲ್ ಡಬ್ಬಿ ಇಟ್ಟಿದ್ದೇವೆ. 10 ಮಾತ್ರ ನಿಜವಾದ ಹಾಳು: ಸೀಳಿದ ಮುಚ್ಚಳ, ಅಂಚು ಮುರಿದ ಡಬ್ಬಿ. 320ಕ್ಕೆ 10 ಅಂದರೆ ನೂರಕ್ಕೆ ಮೂರು. ಇಷ್ಟನ್ನು ಲೆಕ್ಕದಲ್ಲೇ ಸೇರಿಸಿಬಿಡುವುದು ಒಳ್ಳೆಯದು. ಇದಕ್ಕಿಂತ ಮೇಲೆ ಹೋದರೆ ಹುಡುಕಬೇಕು.

ಮುಚ್ಚಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಡಬ್ಬಿಯ ಕಟ್ಟೂ ಮುಚ್ಚಳದ ಕಟ್ಟೂ ಬೇರೆಬೇರೆ ಬರುತ್ತವೆ, ಆದ್ದರಿಂದ ಎರಡನ್ನೂ ಎಣಿಸಿ, ಯಾವುದು ಕಡಿಮೆಯೋ ಅದನ್ನೇ ದಾಸ್ತಾನು ಎಂದು ಬರೆಯುತ್ತೇವೆ. ಇನ್ನೊಂದು ತೊಂದರೆ, ಬೇರೆ ಲಾಟಿನ ಮುಚ್ಚಳ. ಅಳತೆ ಅದೇ ಇರುತ್ತದೆ, ಒತ್ತಿದರೆ ಕೂಡುತ್ತದೆ, ಆದರೆ ಅಂಚಿನ ಗೀರು ಒಂದು ಕೂದಲೆಳೆ ಬೇರೆ ಇದ್ದರೆ ಬಿಸಿ ಪಲ್ಯದ ಹಬೆಗೆ ಒಂದು ಮೂಲೆ ಎದ್ದುಬಿಡುತ್ತದೆ. ಎಣ್ಣೆಗಾಯಿಯ ಎಣ್ಣೆ ಮೊದಲು ಸೋರುವುದು ಆ ಮೂಲೆಯಿಂದಲೇ. ಹೊಸ ಕಟ್ಟು ಬಂದ ದಿನ ಐದು ಡಬ್ಬಿ ತೆಗೆದು, ಮುಕ್ಕಾಲು ಭಾಗ ಬಿಸಿ ನೀರು ಹಾಕಿ, ಮುಚ್ಚಿ, ಪೇಪರಿನ ಮೇಲೆ ಐದು ನಿಮಿಷ ಬೋರಲು ಇಡುತ್ತೇವೆ. ಒಂದರಡಿ ಪೇಪರ್ ಒದ್ದೆಯಾದರೂ ಆ ಕಟ್ಟು ವಾಪಸ್. ತಳದಲ್ಲಿ ತ್ರಿಕೋನದೊಳಗೆ 5 ಎಂದಿರುವ ಪಿಪಿ ಡಬ್ಬಿ ಬಿಸಿಗೆ ತಡೆಯುತ್ತದೆ. 1 ಎಂದಿರುವ ಗಾಜಿನಂತೆ ಹೊಳೆಯುವ ಡಬ್ಬಿ ಮೊಸರಿಗೆ ಸರಿ, ಬಿಸಿ ತಹರಿ ಹಾಕಿದರೆ ಸೊಟ್ಟಗಾಗುತ್ತದೆ.

ಸ್ಟಿಕ್ಕರಿನಲ್ಲೂ ಚೀಟಿ ಮೀರಿದ ಖರ್ಚು ಇರುತ್ತದೆ. ಥರ್ಮಲ್ ಸ್ಟಿಕ್ಕರ್ ಶಾಖಕ್ಕೆ ಕಪ್ಪಾಗುವ ಕಾಗದ. ಆಗತಾನೆ ತುಂಬಿದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರೆ ಅಕ್ಷರವೂ ಕಾಣದಂತೆ ಮಸಿಯಾಗುತ್ತದೆ, ಮತ್ತೊಂದು ಪ್ರಿಂಟ್ ತೆಗೆಯಬೇಕು. ಹಬೆಯ ನೀರು ಮೆತ್ತಿದ ಕಡೆ ಅಂಟೂ ಹಿಡಿಯುವುದಿಲ್ಲ. ಹೀಗಾಗಿ ತುಂಬುವ ಮೊದಲೇ, ಒಣಗಿದ ಡಬ್ಬಿಯ ಪಕ್ಕಕ್ಕೆ, ಮೇಲಂಚಿನ ಹತ್ತಿರ ಅಂಟಿಸುತ್ತೇವೆ. ರೋಲನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬಾರದು, ಅದರಲ್ಲೂ ನಮ್ಮ ಬೇಸಿಗೆಯಲ್ಲಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಬಿಲ್ ಸ್ಟಿಕ್ಕರಿನ ಮೇಲಿದೆ. ಸಣ್ಣ ಸ್ಟಿಕ್ಕರಿನ ಮೇಲೆ ಪದಾರ್ಥದ ಹೆಸರು ಮಾತ್ರ.

ಇನ್ನು ಯಾವಾಗ ತರಿಸಬೇಕು ಎಂಬುದು. 250ರ ಡಬ್ಬಿ ನಮಗೆ ವಾರದ ದಿನಗಳಲ್ಲಿ ಸುಮಾರು 40, ಭಾನುವಾರ 80 ಹೋಗುತ್ತವೆ. ಅಂಗಡಿಯವರಿಗೆ ಹೇಳಿದ ಮೂರು ದಿನಕ್ಕೆ ಮಾಲು ಮನೆಗೆ ಬರುತ್ತದೆ. ಆ ಮೂರು ದಿನದಲ್ಲಿ ಭಾನುವಾರ ಇದ್ದೇ ಇದೆ ಎಂದುಕೊಂಡರೆ 40, 40, 80, ಒಟ್ಟು 160. ಮಾಲು ತಡವಾದರೆ ಎಂದು ಇನ್ನೊಂದು ಭಾನುವಾರದ 80 ಕೂಡಿಸಿದರೆ 240. ಕಟ್ಟಿಗೆ 50 ಇರುವುದರಿಂದ 250 ಎಂದಿಟ್ಟುಕೊಂಡಿದ್ದೇವೆ: ಐದು ಕಟ್ಟು ಉಳಿದಾಗ ಫೋನ್. ಕೆಳಗಿನ ಐದು ಕಟ್ಟಿಗೆ ಕೆಂಪು ದಾರ ಕಟ್ಟಿಟ್ಟಿದ್ದೇವೆ; ದಾರ ಬಿಚ್ಚಿದವರೇ ಹೇಳಬೇಕು. ಮೊಬೈಲಿನಲ್ಲಿ ಎಕ್ಸೆಲ್ ಶೀಟೂ ಇದೆ, ಆದರೆ ಗಡಿಬಿಡಿಯಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ಹೆಸರು ಅಚ್ಚು ಹಾಕಿಸಿದ ಪೇಪರ್ ಚೀಲ ಹೈದರಾಬಾದಿನಿಂದ ಲಾರಿಯಲ್ಲಿ ಬರಬೇಕಾದ್ದರಿಂದ ಅದಕ್ಕೆ ಹತ್ತು ದಿನ ಹಿಡಿದು ಇದೇ ಲೆಕ್ಕ ಹಾಕುತ್ತೇವೆ, ಮತ್ತೆ ಅಚ್ಚಿಲ್ಲದ ಚೀಲ ಐವತ್ತು ಪಕ್ಕದಲ್ಲಿ ಇಟ್ಟಿರುತ್ತೇವೆ.

ಪ್ಲಾಸ್ಟಿಕ್ ಚಮಚ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಮರದ್ದು ಇಟ್ಟಿದ್ದೇವೆ, ಕೇಳಿದವರಿಗಷ್ಟೇ, ಊಟಕ್ಕೊಂದರಂತೆ. ಹೇಗೂ ರೊಟ್ಟಿಗೆ ಕೈಯೇ ಬೇಕು.

ಈ ಚೀಟಿ ಕೆಲಸಕ್ಕೆ ಬಾರದ ದಿನವೂ ಒಂದಿದೆ, ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಲಾಗದ ನೌಕರಿಯವರು ಭಜ್ಜಿ, ಸಜ್ಜಿ ರೊಟ್ಟಿ ತರಿಸುತ್ತಾರೆ. ಭಜ್ಜಿಗೆ ಬೇಕಾದದ್ದು 500 ಮಿ.ಲೀ. ಡಬ್ಬಿ, ಅದು ಉಳಿದ ವರ್ಷವಿಡೀ ನಮ್ಮಲ್ಲಿ ಇರುವುದೇ ಇಲ್ಲ. ಆ ದಿನಕ್ಕೆ ಮುಂಗಡ ಬುಕಿಂಗ್ ಮಾತ್ರ ತೆಗೆದುಕೊಂಡು, ಎರಡು ದಿನ ಮೊದಲೇ ನಿಲ್ಲಿಸಿ, ಬಂದ ಸಂಖ್ಯೆಗೆ ನೂರಕ್ಕೆ ಮೂರು ಸೇರಿಸಿ ಅಷ್ಟೇ ಡಬ್ಬಿ ತರುತ್ತೇವೆ, ಮುಚ್ಚಳ ಎಣಿಸಿಕೊಂಡು.