ಎಪ್ಪತ್ತಕ್ಕೆ ಪಾಸ್‌ಬುಕ್ ನೋಡಿ ನೆಮ್ಮದಿಯಾಗಬೇಡಿ

ಮುಂಬೈ ಕಡೆಯ ನಮ್ಮ ಕನ್ನಡದವರಲ್ಲಿ ರಿಟೈರ್ ಆದವರನ್ನು ಕೇಳಿ ನೋಡಿ, ಹೆಚ್ಚಿನವರದು ಒಂದೇ ಮಾತು: "ಬಡ್ಡಿಯಲ್ಲೇ ಮನೆ ನಡೆಯುತ್ತೆ, ಅಸಲು ಮುಟ್ಟಲ್ಲ." ಈ ಲೆಕ್ಕ ಎಲ್ಲಿ ಕೈಕೊಡುತ್ತದೆ, ಅದನ್ನು ಮೊದಲೇ ಹಿಡಿಯುವುದು ಹೇಗೆ ಅಂತ ನೋಡೋಣ.

ಮೊದಲು ತಿಂಗಳ ಖರ್ಚು ಬರೆಯಿರಿ. ಸೊಸೈಟಿ ಮೇಂಟೆನೆನ್ಸ್, ಮೆಡಿಕ್ಲೇಮ್ ಪ್ರೀಮಿಯಂ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಖರ್ಚು ಎಲ್ಲಾ ಸೇರಿಸಿ, ವರ್ಷದ ಮೊತ್ತ ಮಾಡಿ.

ಆಮೇಲೆ ಎಷ್ಟು ವರ್ಷ ಅಂತ ನಿರ್ಧರಿಸಿ. ಗಂಡ ಹೆಂಡತಿ ಇಬ್ಬರಲ್ಲಿ ಚಿಕ್ಕವರು ಯಾರೋ ಅವರಿಗೆ ತೊಂಬತ್ತು ಆಗುವವರೆಗೆ ಲೆಕ್ಕ ಹಾಕಿ. ಗಂಡನ ವಯಸ್ಸು ಮಾತ್ರ ಹಿಡಿದು ಕೂರಬೇಡಿ.

ಈಗ ಎಲ್ಲರೂ ಎಡವುವ ಹಂತ. ಡೊಂಬಿವಲಿಯ ಒಂದು ಜೋಡಿ ಅಂದುಕೊಳ್ಳಿ. ಇಬ್ಬರಿಗೂ 60. ಸ್ವಂತ ಫ್ಲ್ಯಾಟ್ ಇದೆ, ಕೈಯಲ್ಲಿ 1.2 ಕೋಟಿಯ ಗಂಟಿದೆ, ತಿಂಗಳ ಖರ್ಚು 50,000, ಅಂದರೆ ವರ್ಷಕ್ಕೆ 6 ಲಕ್ಷ. ಬಡ್ಡಿ 7% ಅಂದರೂ ವರ್ಷಕ್ಕೆ ಸುಮಾರು 8 ಲಕ್ಷ ಬರುತ್ತೆ, ಇನ್ನೂ ಉಳಿಯುತ್ತೆ, ಅಲ್ವಾ? ಆದರೆ ಖರ್ಚು ವರ್ಷಕ್ಕೆ 6% ಏರಿದರೆ 72ನೇ ವಯಸ್ಸಿಗೆ ಅದೇ ಮನೆ, ಅದೇ ಊಟಕ್ಕೆ ತಿಂಗಳಿಗೆ ಒಂದು ಲಕ್ಷ ಬೇಕು.

ಪ್ರತಿ ವರ್ಷದ ಶುರುವಿಗೆ ಆ ವರ್ಷದ ಖರ್ಚು ತೆಗೆದು, ಉಳಿದದ್ದಕ್ಕೆ 7% ಸೇರಿಸುತ್ತಾ ಹೋಗಿ. 65ಕ್ಕೆ ಗಂಟು 1.27 ಕೋಟಿ ಆಗಿರುತ್ತದೆ. 70ಕ್ಕೆ 1.23 ಕೋಟಿ. ಹತ್ತು ವರ್ಷ ತಿಂದುಂಡು ಇಟ್ಟದ್ದಕ್ಕಿಂತ ಜಾಸ್ತಿಯೇ ಇದೆ! ಇಲ್ಲೇ ಜನ ಧೈರ್ಯ ತಂದುಕೊಂಡು ಮಗನ ಫ್ಲ್ಯಾಟಿಗೆ ಇಪ್ಪತ್ತು ಲಕ್ಷ ಕೊಡುತ್ತಾರೆ. ಆದರೆ ಆಗಲೇ ವರ್ಷದ ಖರ್ಚು ಹತ್ತಿರ ಹತ್ತಿರ 10.75 ಲಕ್ಷ, ಬಡ್ಡಿ ಅದಕ್ಕೆ ಸಾಲುವುದಿಲ್ಲ. ಅಲ್ಲಿಂದ ಇಳಿಜಾರು. 75ಕ್ಕೆ ಒಂದು ಕೋಟಿಗಿಂತ ಕಡಿಮೆ, 80ಕ್ಕೆ 39 ಲಕ್ಷ, 82ಕ್ಕೆ ಖಾಲಿ. ಮಗನಿಗೆ ಒಂದು ರೂಪಾಯಿ ಕೊಡದೇ ಇದ್ದರೂ ಇಷ್ಟೇ. ಬಡ್ಡಿಗೆ ತೆರಿಗೆ ಬಿದ್ದರೆ ಇನ್ನೂ ಬೇಗ.

ಹಾಗಾಗಿ ಬ್ಯಾಲೆನ್ಸ್ ನೋಡಬೇಡಿ, ಭಾಗಿಸಿ. ಇರುವ ಗಂಟನ್ನು ಈ ವರ್ಷದ ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಇನ್ನು ಉಳಿದಿರುವ ವರ್ಷಗಳಿಗಿಂತ ಕಡಿಮೆ ಇರಬಾರದು. ತೆರಿಗೆ ಕಳೆದ ಮೇಲೆ ಬಡ್ಡಿ ಬೆಲೆ ಏರಿಕೆಗೆ ಸರಿಸಮ ಆಗುತ್ತೆ ಅಂತ ಇಟ್ಟುಕೊಂಡ ಲೆಕ್ಕ ಇದು. ಇದಕ್ಕಿಂತ ಉದಾರವಾಗಿ ಲೆಕ್ಕ ಹಾಕುವುದು ಬೇಡ ಅಂತಲೇ ನಾನು ಹೇಳುವುದು. ಡೊಂಬಿವಲಿಯವರಿಗೆ 60ರಲ್ಲೇ 30 ಬೇಕಿತ್ತು, ಇರುವುದು 20. 70ಕ್ಕೆ 20 ಬೇಕು, ಇರುವುದು ಹನ್ನೊಂದೂವರೆ. ಪಾಸ್‌ಬುಕ್ಕಿನಲ್ಲಿ ಕಾಣದ ತೂತು ಇಲ್ಲಿ ಮೊದಲ ದಿನವೇ ಕಾಣುತ್ತದೆ.

ಮುಂದಿನದು, ಯಾವ ಆದಾಯ ಬೆಲೆಯ ಜೊತೆ ಏರುತ್ತೆ, ಯಾವುದು ಏರಲ್ಲ ಅಂತ ಬೇರೆ ಮಾಡಿ. ಸರ್ಕಾರಿ ಪಿಂಚಣಿಗೆ ಡಿಎ ಏರುತ್ತದೆ. ಪಿಎಫ್‌ನವರ ಇಪಿಎಸ್ ಪಿಂಚಣಿಗೆ ಅದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ ನನಗೆ ಇಷ್ಟವೇ, ಆದರೆ 8.2% ಬಡ್ಡಿಗೆ ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ಬರುತ್ತೆ, ಐದು ವರ್ಷವೂ ಅಷ್ಟೇ, ಒಂದು ರೂಪಾಯಿ ಜಾಸ್ತಿ ಆಗಲ್ಲ. ಇನ್ನು ಬ್ಯಾಂಕಿನಲ್ಲಿ ಕೂರಿಸಿಕೊಂಡು ಚಹಾ ಕೊಟ್ಟು ಮಾರುವ "ಜೀವನಪೂರ್ತಿ ಗ್ಯಾರಂಟಿ ಪಿಂಚಣಿ" ಪಾಲಿಸಿ. ಗ್ಯಾರಂಟಿ ಇರುವುದು ರೂಪಾಯಿ ಲೆಕ್ಕಕ್ಕೆ ಮಾತ್ರ, ಮೂವತ್ತು ವರ್ಷದ ನಂತರವೂ ಅದೇ ಮೊತ್ತ ಕೈಗೆ ಬರುತ್ತೆ, ಆಗ ಅದರಲ್ಲಿ ಇಂದಿನ ಐದನೇ ಒಂದು ಭಾಗದಷ್ಟು ಸಾಮಾನೂ ಬರುವುದಿಲ್ಲ. ಇಡೀ ಗಂಟನ್ನು ಅದಕ್ಕೆ ಹಾಕಲೇಬೇಡಿ.

ಕೊರತೆ ತುಂಬುವುದು ಹೇಗೆ? ನಮ್ಮ ಜೋಡಿ ಖರ್ಚನ್ನು 40,000ಕ್ಕೆ ಇಳಿಸಿದರೆ ಸಂಖ್ಯೆ 25 ಆಗುತ್ತದೆ. ಉಳಿದದ್ದಕ್ಕೆ ಷೇರು ಬೇಕೇ ಬೇಕು. ಮೂರನೇ ಒಂದು ಭಾಗ, ಅಂದರೆ 40 ಲಕ್ಷ, ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ಇಡಿ, ಉಳಿದ 80 ಲಕ್ಷ ಹಿರಿಯ ನಾಗರಿಕರ ಯೋಜನೆ ಮತ್ತು ಎಫ್‌ಡಿಯಲ್ಲಿ ಇರಲಿ. ಮಾರುಕಟ್ಟೆ ಚೆನ್ನಾಗಿದ್ದ ವರ್ಷ ಫಂಡಿನಿಂದ ತೆಗೆಯಿರಿ. ಬಿದ್ದ ವರ್ಷ ಅದನ್ನು ಮುಟ್ಟದೆ ಎಫ್‌ಡಿಯಿಂದ ತಿನ್ನಿ. ಶುರುವಿನ ವರ್ಷಗಳಲ್ಲೇ ಬಿದ್ದ ರೇಟಿಗೆ ಮಾರಿದರೆ, ಮಾರುಕಟ್ಟೆ ಮತ್ತೆ ಏರಿದಾಗ ಏರಲು ನಿಮ್ಮ ಹತ್ತಿರ ಯೂನಿಟ್ಟುಗಳೇ ಇರುವುದಿಲ್ಲ. ತಿಂಗಳು ತಿಂಗಳು ಫಂಡಿನಿಂದ ಇಂತಿಷ್ಟು ಅಂತ ತಾನಾಗಿ ಮಾರಿ ದುಡ್ಡು ಕೊಡುವ ಎಸ್‌ಡಬ್ಲ್ಯೂಪಿಯನ್ನು ಸುಮ್ನೆ ಹಾಕಿ ಮರೆತುಬಿಡುವ ಅಡ್ಡದಾರಿ ನನಗೆ ಒಪ್ಪಿಗೆ ಇಲ್ಲದ್ದು ಇದಕ್ಕೇ. ಬಿದ್ದ ತಿಂಗಳೂ ಅದು ಮಾರುತ್ತಲೇ ಇರುತ್ತದೆ.

ಕೊನೆಗೆ, ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಭಾಗಿಸಿ. 6% ಅಂತ ಊಹಿಸಬೇಡಿ, ಕಳೆದ ವರ್ಷ ನಿಜವಾಗಿ ಖರ್ಚಾದದ್ದನ್ನೇ ಹಾಕಿ. ಆಸ್ಪತ್ರೆ, ಮೆಡಿಕ್ಲೇಮ್ ಖರ್ಚನ್ನು ಬೇರೆ ಸಾಲಿನಲ್ಲಿ ಬರೆದರೆ ಅದು ಅಕ್ಕಿ ಬೇಳೆಗಿಂತ ಬೇಗ ಏರುತ್ತಿದೆಯಾ ಅನ್ನುವುದು ಗೊತ್ತಾಗುತ್ತದೆ. ಸಂಖ್ಯೆ ಉಳಿದ ವರ್ಷಗಳಿಗಿಂತ ಕೆಳಗೆ ಹೋದರೆ ಆ ವರ್ಷ ಖರ್ಚು ಏರಿಸಬೇಡಿ, ಹಿಂದಿನ ವರ್ಷದ ಮೊತ್ತದಲ್ಲೇ ನಡೆಸಿ, ಮಕ್ಕಳಿಗೆ ದೊಡ್ಡ ಮೊತ್ತ ಕೊಡುವ ಮಾತನ್ನು ಸಂಖ್ಯೆ ಮೇಲೆ ಬರುವವರೆಗೆ ಎತ್ತಬೇಡಿ.