ಮೈನಸ್ ಬಂದ ಉತ್ತರದಲ್ಲಿ ದಳಗಳು: ಛಾಯೆಯ ಲೆಕ್ಕ ನಾನು ಹೇಳಿಕೊಡುವ ಬಗೆ

ಸಿಂಧನೂರಿನಲ್ಲಿ ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವೃತ್ತದ ವಿಸ್ತೀರ್ಣದ ಸೂತ್ರ ಬಾರದವರು ಕಡಿಮೆ, ನಿದ್ದೆಗಣ್ಣಲ್ಲಿ ಕೇಳಿದರೂ πr² ಎನ್ನುತ್ತಾರೆ. ಅವರ ಪೆನ್ನು ನಿಲ್ಲುವುದು ‘ಛಾಯೆಗೊಳಿಸಿದ ಭಾಗದ ವಿಸ್ತೀರ್ಣ ಕಂಡುಹಿಡಿಯಿರಿ’ ಎಂದಾಗ. ಯಾವುದರಲ್ಲಿ ಯಾವುದನ್ನು ಕಳೆಯಬೇಕು ಎಂಬುದೇ ಅಲ್ಲಿನ ಪೇಚು.

ಸರಳ ಚಿತ್ರಗಳಲ್ಲಿ ಆ ಪೇಚು ಇಲ್ಲ. 14 ಸೆಂ.ಮೀ. ಬಾಹುವಿನ ಚೌಕದೊಳಗೆ ನಾಲ್ಕೂ ಬದಿ ಮುಟ್ಟುವ ಒಂದು ವೃತ್ತವಿದ್ದರೆ 196ರಲ್ಲಿ 154 ಕಳೆದು 42 ಎಂದು ಬರೆದರಾಯಿತು. ವೃತ್ತದ ಬದಲು ನಾಲ್ಕು ಮೂಲೆಯಲ್ಲಿ 7 ಸೆಂ.ಮೀ. ತ್ರಿಜ್ಯದ ನಾಲ್ಕು ಕಾಲು ವೃತ್ತ ಕೊಟ್ಟರೂ ಅದೇ 42. ತುಂಡುಗಳು ಬೇರೆ ಬೇರೆ ಕೂತಿರುವಷ್ಟು ಹೊತ್ತು ಕಳೆಯುವುದು ಸುಲಭ.

ಒಂದರ ಮೇಲೊಂದು ಏರಿದಾಗ ತೊಡಕು ಶುರು. ನಾನು ಪ್ರತಿ ವರ್ಷ ಹಿಡಿದುಕೊಳ್ಳುವ ಚಿತ್ರ ಇದು: ಅದೇ 14 ಸೆಂ.ಮೀ. ಚೌಕ, ಅದರ ನಾಲ್ಕೂ ಬಾಹುಗಳನ್ನು ವ್ಯಾಸವಾಗಿಟ್ಟುಕೊಂಡು ಒಳಮುಖವಾಗಿ ಎಳೆದ ನಾಲ್ಕು ಅರ್ಧವೃತ್ತಗಳು. ನಡುವೆ ನಾಲ್ಕು ದಳದ ಹೂವು ಮೂಡುತ್ತದೆ. ಛಾಯೆ ಹಚ್ಚಿರುವುದು ದಳಗಳಿಗೆ.

ಪುಸ್ತಕದ ಚಿತ್ರದ ಮೇಲೆ ಕೈಯಿಡಲು ನಾನು ಬಿಡುವುದಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬೆಂಕಿಪೊಟ್ಟಣದಷ್ಟು ಚಿತ್ರ ಬರೆಯಬೇಕು, ಕೈಯಿಂದಲೇ, ಕೈವಾರ ಬೇಡ. ಕಮಾನು ಸೊಟ್ಟಗಾದರೆ ಅಡ್ಡಿಯಿಲ್ಲ. ಆದರೆ ಎರಡು ವಿಷಯ ತಪ್ಪಕೂಡದು. ನಾಲ್ಕು ಅರ್ಧವೃತ್ತಗಳೂ ಚೌಕದ ನಡುಬಿಂದುವಿಗೆ ಬಂದು ಸೇರಬೇಕು. ಬಾಹುವಿನ ಅರ್ಧದಲ್ಲಿ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಮೂಲೆಯವರೆಗೆ 7 ಎಂದು ಬರೆಯಬೇಕು. ಈ 7 ಬರೆಯದವರು ಹೊರಗೆ ಕಾಣುವ 14ನ್ನೇ ತ್ರಿಜ್ಯ ಎಂದುಕೊಳ್ಳುತ್ತಾರೆ. ಆಗ ಅರ್ಧವೃತ್ತ ಒಂದಕ್ಕೇ 308 ಬರುತ್ತದೆ. ಇಡೀ ಚೌಕವೇ 196 ಇರುವಾಗ ಅದರೊಳಗಿನ ತುಂಡು 308 ಹೇಗಾದೀತು ಎಂದು ನೋಡುವ ವ್ಯವಧಾನ ಪರೀಕ್ಷೆಯಲ್ಲಿ ಇರುವುದಿಲ್ಲ, ಅದಕ್ಕೇ ಚಿತ್ರದಲ್ಲೇ ಬರೆದಿಡಿಸುತ್ತೇನೆ.

ಆಮೇಲೆ ಬಹುತೇಕ ಮಕ್ಕಳು ಮಾಡುವುದು ಒಂದೇ. ಚೌಕದಲ್ಲಿ ನಾಲ್ಕು ಅರ್ಧವೃತ್ತ ಕಳೆಯುತ್ತಾರೆ. ಒಂದು ಅರ್ಧವೃತ್ತ 77, ನಾಲ್ಕಕ್ಕೆ 308. ಒಂದು ಹುಡುಗಿ ಅಲ್ಲಿಗೆ ಬಂದು ಪೆನ್ನು ಕೆಳಗಿಟ್ಟಳು.

“ಟೀಚರ್, ಮೈನಸ್ ನೂರಾ ಹನ್ನೆರಡು ಬರಾಕತ್ತೈತ್ರಿ.”

“ಅಳಿಸಬ್ಯಾಡ, ಹಂಗೇ ಇರಲಿ. ಆ ಹೆಚ್ಚಿಗಿ ನೂರಾ ಹನ್ನೆರಡು ಎಲ್ಲಿಂದ ಬಂತು, ಚಿತ್ರದಾಗ ಹುಡುಕು.”

ಹುಡುಕುವ ದಾರಿ ಹೀಗೆ. ಚಿಕ್ಕ ಚಿತ್ರದ ಪ್ರತಿ ತುಂಡಿನೊಳಗೂ ಒಂದು ಅಂಕಿ ಬರೆಯಬೇಕು: ಈ ತುಂಡು ಎಷ್ಟು ಅರ್ಧವೃತ್ತಗಳಲ್ಲಿ ಬರುತ್ತದೆ? ಕೆಳಗಿನ ಬಾಹುವಿನ ನಡುವಿಗೆ ಅಂಟಿಕೊಂಡ ಬಿಳಿ ತುಂಡು ಕೆಳಗಿನ ಅರ್ಧವೃತ್ತದಲ್ಲಿ ಮಾತ್ರ ಇದೆ, ಅಲ್ಲಿ 1. ಎಡಗಡೆ ಕೆಳಮೂಲೆಯ ದಳ ಕೆಳಗಿನ ಅರ್ಧವೃತ್ತದಲ್ಲೂ ಇದೆ, ಎಡಗಡೆಯದರಲ್ಲೂ ಇದೆ, ಅಲ್ಲಿ 2. ಹೀಗೆ ನಾಲ್ಕು ಬಿಳಿ ತುಂಡುಗಳಿಗೆ ಒಂದೊಂದು, ನಾಲ್ಕು ದಳಗಳಿಗೆ ಎರಡೆರಡು. ಕೌದಿ ಹೊಲಿಯುವಾಗ ಎರಡು ಬಟ್ಟೆ ಒಂದರ ಮೇಲೊಂದು ಬಿದ್ದ ಕಡೆ ಕೈಗೆ ದಪ್ಪ ಸಿಗುತ್ತದಲ್ಲ, ದಳಗಳು ಹಾಗೆ.

ಅಂಕಿ ಬರೆದ ಮೇಲೆ 308 ಎಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ. ಬಿಳಿ ತುಂಡುಗಳು ಒಂದು ಸಲ, ದಳಗಳು ಎರಡು ಸಲ ಸೇರಿವೆ. ಅಂದರೆ ಇಡೀ ಚೌಕ ಒಂದು ಸಲ, ಅದರ ಮೇಲೆ ದಳಗಳು ಇನ್ನೊಂದು ಸಲ. ಹಾಗಾಗಿ ಚೌಕವನ್ನೇ ಇದರಿಂದ ಕಳೆಯಬೇಕು: 308 − 196 = 112 ಚ.ಸೆಂ.ಮೀ. ಹುಡುಗಿಗೆ ಬಂದದ್ದೂ ಅದೇ ಅಂಕಿ, ಕಳೆಯುವ ದಿಕ್ಕು ಮಾತ್ರ ತಿರುಗಿತ್ತು.

ಆದರೆ ಮೈನಸ್ ಚಿಹ್ನೆ ಉಜ್ಜಿ 112 ಎಂದು ಬರೆದರೆ ನಾನು ಒಪ್ಪುವುದಿಲ್ಲ. ಉತ್ತರವನ್ನು ಬೇರೆ ದಾರಿಯಿಂದ ಇನ್ನೊಮ್ಮೆ ತರಿಸುತ್ತೇನೆ. ಚೌಕದಿಂದ ಎಡ ಮತ್ತು ಬಲದ ಎರಡು ಅರ್ಧವೃತ್ತ ಮಾತ್ರ ತೆಗೆ. ಇವೆರಡು ನಡುಬಿಂದುವಿನಲ್ಲಿ ಮುಟ್ಟುತ್ತವೆ ಅಷ್ಟೇ, ಒಂದರ ಮೇಲೊಂದು ಏರುವುದಿಲ್ಲ. ಪ್ರತಿ ದಳವೂ ಇವೆರಡರಲ್ಲಿ ಒಂದರೊಳಗೆ ಇದ್ದೇ ಇದೆ, ಹಾಗಾಗಿ ದಳಗಳೆಲ್ಲ ಹೋದವು. ಉಳಿದದ್ದು ಮೇಲಿನ ಮತ್ತು ಕೆಳಗಿನ ಬಿಳಿ ತುಂಡು: 196 − 154 = 42. ಎಡಬಲದ ಬಿಳಿ ತುಂಡುಗಳೂ ಅಷ್ಟೇ, ಇನ್ನೊಂದು 42. ಒಟ್ಟು ಬಿಳಿ 84, ಚೌಕದಲ್ಲಿ ಅದನ್ನು ಕಳೆದರೆ 112. ಎರಡು ದಾರಿ ಒಂದೇ ಕಡೆ ಬಂದು ಸೇರಿದರೆ ಚಿತ್ರ ಸರಿ ಓದಿದ್ದೇವೆ ಎಂದು ನಂಬಬಹುದು. ಅಂಕ ಕೊಡುವವರಿಗೆ ಹಂತ ಕಾಣುವುದಕ್ಕೂ ಈ ಎರಡನೇ ದಾರಿಯೇ ಚೆಂದ ಎಂದು ನನಗನಿಸುತ್ತದೆ.

ಇದೇ ಚಿತ್ರದಲ್ಲಿ ಎದುರು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಎರಡು ಗೆರೆ ಎಳೆದರೆ 7 ಸೆಂ.ಮೀ. ಬಾಹುವಿನ ನಾಲ್ಕು ಮರಿ ಚೌಕಗಳಾಗುತ್ತವೆ, ಒಂದೊಂದರಲ್ಲಿ ಒಂದೊಂದು ದಳ. ಒಂದು ಮರಿ ಚೌಕ 49, ಅದರಲ್ಲಿ ಎರಡು ಕಾಲು ವೃತ್ತ, ತಲಾ 38.5. ಎರಡೂ ಸೇರಿ 77, ಅದರಲ್ಲಿ 49 ಹೋದರೆ ಒಂದು ದಳ 28. ನಾಲ್ಕು ದಳ 112. ಚೌಕದ ಎದುರು ಮೂಲೆಗಳಿಂದ ಎರಡು ಕಾಲು ವೃತ್ತ ಎಳೆದು ನಡುವಿನ ಎಲೆಗೆ ಛಾಯೆ ಹಚ್ಚಿದ ಪ್ರಶ್ನೆಯೂ ಬರುತ್ತದೆ. ಆ ಎಲೆ ಬೇರೆ ಯಾವುದೂ ಅಲ್ಲ, ಈ ದಳವೇ. ದೊಡ್ಡ ಚೌಕ 14 ಇದ್ದಾಗ ಆ ಒಂದು ದೊಡ್ಡ ಎಲೆಯ ವಿಸ್ತೀರ್ಣವೂ 154 + 154 − 196, ಅಂದರೆ 112. ನಾಲ್ಕು ಪುಟ್ಟ ದಳ ಸೇರಿ ಒಂದು ದೊಡ್ಡ ಎಲೆಯಷ್ಟೇ ಆಗುತ್ತವೆ ಎಂದಾಗ ಮಕ್ಕಳು ನಂಬುವುದೇ ಇಲ್ಲ, ಲೆಕ್ಕ ಹಾಕಿಸಬೇಕಾಗುತ್ತದೆ.

ಈಗ ಈ ಉಪಾಯ ಎಲ್ಲಿ ಕೈಕೊಡುತ್ತದೆ ಎಂಬುದು. ಕಾಲು ವೃತ್ತಗಳನ್ನು ಎದುರು ಮೂಲೆಗಳ ಬದಲು ಪಕ್ಕಪಕ್ಕದ ಮೂಲೆಗಳಿಂದ ಎಳೆಯಿರಿ, ಕೆಳಗಿನ ಎರಡು ಮೂಲೆ ಎನ್ನಿ, ತ್ರಿಜ್ಯ 14. ಒಂದರ ಮೇಲೊಂದು ಬಿದ್ದ ಭಾಗ ಕೇಳಿದರೆ, ‘ಎರಡನ್ನೂ ಕೂಡಿಸಿ ಚೌಕ ಕಳೆ’ ಎಂದು ಬಾಯಿಪಾಠ ಮಾಡಿದವರು ಮತ್ತೆ 112 ಬರೆಯುತ್ತಾರೆ. ಅಂಕಿ ಬರೆದು ನೋಡಿದವರು ಅಲ್ಲೇ ನಿಲ್ಲುತ್ತಾರೆ, ಏಕೆಂದರೆ ಮೇಲಿನ ಬಾಹುವಿನ ನಡುವೆ ಯಾವ ವೃತ್ತವೂ ಮುಟ್ಟದ ಒಂದು ಸಣ್ಣ ತುಂಡು ಉಳಿಯುತ್ತದೆ. ಅದರೊಳಗೆ 0. ಚೌಕ ಪೂರ್ತಿ ಮುಚ್ಚಲಿಲ್ಲ, ಆದ್ದರಿಂದ ಚೌಕ ಕಳೆದಾಗ ಆ ತುಂಡೂ ಸುಮ್ಮನೆ ಕಳೆದುಹೋಗುತ್ತದೆ. 112 ಎಂದರೆ ಇಲ್ಲಿ ಏರಿದ ಭಾಗದಲ್ಲಿ ಆ ತುಂಡನ್ನು ಕಳೆದದ್ದು.

ಇಂಥ ಕಡೆ ಎರಡು ಕಮಾನುಗಳು ಸೇರುವ ಬಿಂದುವನ್ನು ಕೆಳಗಿನ ಎರಡು ಮೂಲೆಗಳಿಗೆ ಸೇರಿಸಬೇಕು. ಮೂರೂ ಬಾಹು 14, ಅಂದರೆ ಸಮಬಾಹು ತ್ರಿಭುಜ. ಒಂದೊಂದು ಮೂಲೆಯಿಂದ 60 ಡಿಗ್ರಿಯ ಒಂದೊಂದು ತ್ರಿಜ್ಯಾಂತರ ಖಂಡ. ಎರಡೂ ಖಂಡ ಸೇರಿದರೆ ಏರಿದ ಭಾಗ ಪೂರ್ತಿ ಮುಚ್ಚುತ್ತದೆ, ತ್ರಿಭುಜ ಮಾತ್ರ ಎರಡು ಸಲ ಬರುತ್ತದೆ, ಅದನ್ನು ಒಂದು ಸಲ ತೆಗೆಯಬೇಕು. ಎರಡು ಖಂಡ ಸುಮಾರು 205.33, ತ್ರಿಭುಜ ಸುಮಾರು 84.87, ಉತ್ತರ ಸುಮಾರು 120.46. ಮೇಲಿನ ಸಣ್ಣ ತುಂಡು ಬೇಕಿದ್ದರೆ ಇದರಲ್ಲಿ ಆ 112 ಕಳೆಯಿರಿ, ಎಂಟೂವರೆಗೆ ತುಸು ಕಡಿಮೆ ಬರುತ್ತದೆ.