ಗುಡ್ಡ ಅಡ್ಡ ಬರುತ್ತದೆಯೇ: ಟವರ್‌ಗೆ ಮುನ್ನ ವ್ಯೂಶೆಡ್ ಪರೀಕ್ಷೆ

ಟವರಿನ ತುದಿಯಿಂದ ಯಾವ ಯಾವ ಜಾಗ ನೇರವಾಗಿ ಕಾಣುತ್ತದೆ ಎಂದು ತೋರಿಸುವ ವ್ಯೂಶೆಡ್ ನಕ್ಷೆಯಲ್ಲಿ ಊರು 'ಕಾಣುತ್ತದೆ' ಎಂದು ಬಂದ ಮಾತ್ರಕ್ಕೆ ಸಿಗ್ನಲ್ ಚೆನ್ನಾಗಿರುತ್ತದೆ ಎಂದು ನಾನು ನಂಬುವುದಿಲ್ಲ. ಅದು ಮೊದಲ ಜರಡಿ ಅಷ್ಟೆ.

ಎತ್ತರದ ಮಾಹಿತಿಗೆ 30 ಮೀಟರ್ ಡಿಇಎಂ, ಅಂದರೆ 30 ಮೀಟರಿನ ಪ್ರತಿ ಚೌಕಕ್ಕೂ ನೆಲದ ಒಂದು ಎತ್ತರ ಕೊಡುವ ಫೈಲು, ಸಾಕು. ಆದರೆ ಡಿಗ್ರಿಯಲ್ಲಿರುವ ಫೈಲನ್ನು ಮೊದಲು ಮೀಟರಿಗೆ ಬದಲಿಸಬೇಕು. ಇಲ್ಲದಿದ್ದರೆ ದೂರದ ಮಿತಿಯನ್ನೂ ಡಿಗ್ರಿ ಎಂದೇ ಓದಿಕೊಳ್ಳುತ್ತದೆ, ಭೂಮಿಯ ಬಾಗಿನ ಲೆಕ್ಕವೂ ಕೆಡುತ್ತದೆ. ಆಮೇಲೆ ಜಿಡಿಎಎಲ್ ತಂತ್ರಾಂಶದ ಈ ಆದೇಶವನ್ನು ಓಡಿಸಿ, 40 ಮೀಟರ್ ಟವರ್‌ಗೆ:

```
gdal_viewshed -ox X -oy Y -oz 40 -tz 1.5 -md 12000 -cc 0.75 dem.tif out.tif
```

`X`, `Y` ಜಾಗದಲ್ಲಿ ಟವರಿನ ನಿರ್ದೇಶಾಂಕವನ್ನು ಬದಲಿಸಿದ ಫೈಲಿನ ಮೀಟರ್ ಲೆಕ್ಕದಲ್ಲೇ ಬರೆಯಿರಿ. `-tz` ಎಂದರೆ ಕೈಯಲ್ಲಿರುವ ಫೋನಿನ ಎತ್ತರ. `-cc` ಬಿಟ್ಟರೆ ಬೆಳಕಿಗೆ ಹೊಂದುವ 0.85714 ಬಳಕೆಯಾಗುತ್ತದೆ, ರೇಡಿಯೋ ಅಲೆಗೆ 0.75 ಸರಿ. ಹತ್ತು ಕಿಲೋಮೀಟರ್ ಒಳಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ.

ಈಗ ಒಂದು ಲೆಕ್ಕ. ಟವರಿನ ನೆಲ 620 ಮೀಟರ್, ತುದಿ 660. ಊರು 9 ಕಿ.ಮೀ. ದೂರ, ಅಲ್ಲಿ ಫೋನು 599.5 ಮೀಟರಿನಲ್ಲಿದೆ. ಟವರಿನಿಂದ 6 ಕಿ.ಮೀ.ಗೆ 612 ಮೀಟರಿನ ಗುಡ್ಡ. ನೇರ ಗೆರೆ ಅಲ್ಲಿ 619.7 ಮೀಟರಿನಲ್ಲಿ ಹಾಯುತ್ತದೆ. ಭೂಮಿಯ ಬಾಗು ಸುಮಾರು 1 ಮೀಟರ್ (6 × 3 ÷ 17). ಉಳಿದದ್ದು 6.6 ಮೀಟರ್. ನಕ್ಷೆ 'ಕಾಣುತ್ತದೆ' ಎನ್ನುತ್ತದೆ.

ಆದರೆ ಅಲೆ ದಾರದಂತೆ ಸಾಗುವುದಿಲ್ಲ. ಗೆರೆಯ ಸುತ್ತ ಅಲೆ ಹರಡಿಕೊಳ್ಳುವ ಜಾಗವಾದ ಫ್ರೆನೆಲ್ ವಲಯವೂ ಬಹುಪಾಲು ಖಾಲಿ ಇರಬೇಕು. 900 ಮೆಗಾಹರ್ಟ್ಸ್‌ಗೆ ಈ ಗುಡ್ಡದ ಮೇಲೆ ಅದರ ತ್ರಿಜ್ಯ, ದೂರವನ್ನು ಕಿ.ಮೀ.ನಲ್ಲೂ ಆವರ್ತನವನ್ನು ಗಿಗಾಹರ್ಟ್ಸ್‌ನಲ್ಲೂ ಹಾಕಿದರೆ, ಮೀಟರಿನಲ್ಲಿ:

```
17.3 × √(6 × 3 ÷ (0.9 × 9)) ≈ 25.8
```

ಅದರಲ್ಲಿ ಶೇ. 60, ಅಂದರೆ ಸುಮಾರು 15.5 ಮೀಟರ್, ಖಾಲಿ ಬೇಕು. ಇನ್ನೂ 9 ಮೀಟರ್ ಕೊರತೆ. ಗುಡ್ಡದ ನೆತ್ತಿಯಲ್ಲಿ ಹತ್ತು ಮೀಟರಿನ ಮರಗಳಿದ್ದು, ಡಿಇಎಂ ಅವನ್ನು ಹಿಡಿದಿಲ್ಲದಿದ್ದರೆ ಗೆರೆಯೇ ಕಡಿದುಹೋಗುತ್ತದೆ. ಚೂಪಾದ ಏಣು ಇದ್ದರೆ ಇನ್ನೊಂದು ತೊಡಕು: 30 ಮೀಟರ್ ಚೌಕದ ಒಂದೇ ಅಂಕಿಯಲ್ಲಿ ಅದರ ತುದಿ ತಗ್ಗಿಬಿಡುತ್ತದೆ. ಆದ್ದರಿಂದ ಸರ್ವೆ ನಕ್ಷೆಯಲ್ಲಿರುವ ಶಿಖರದ ಎತ್ತರವನ್ನು ಡಿಇಎಂ ಅಂಕಿಯೊಂದಿಗೆ ಹೋಲಿಸದೆ ನಾನು ಮುಂದೆ ಹೋಗುವುದಿಲ್ಲ.

ಕೊರತೆ ತುಂಬಲು ಟವರನ್ನೇ ಎತ್ತರಿಸೋಣ ಎನ್ನುವವರೇ ಹೆಚ್ಚು. ಗುಡ್ಡ ಊರಿನ ಕಡೆಗಿರುವುದರಿಂದ ಟವರನ್ನು 3 ಮೀಟರ್ ಎತ್ತರಿಸಿದರೆ ಅಲ್ಲಿ ಗೆರೆ ಏರುವುದು ಒಂದೇ ಮೀಟರ್. 9 ಮೀಟರಿಗೆ 27 ಮೀಟರ್ ಕಬ್ಬಿಣ! ಊರಿನ ತುದಿಯಲ್ಲಾದರೆ 3 ಮೀಟರ್ ಏರಿಸಿದಾಗ 2 ಮೀಟರ್ ಸಿಗುತ್ತದೆ, ಆದರೆ ಜನರ ಕೈಯ ಫೋನನ್ನು ಮಾಳಿಗೆಗೆ ಏರಿಸಲಾಗದು. ಇಂಥ ಕಡೆ ಟವರಿನ ಜಾಗವನ್ನೇ ಬದಲಿಸಿ ನೋಡುವುದು ಅಗ್ಗ. ಅದಕ್ಕೆ ಆದೇಶಕ್ಕೆ `-om GROUND` ಸೇರಿಸಿ ಪ್ರತಿ ಜಾಗಕ್ಕೂ ಓಡಿಸುತ್ತೇನೆ: ಆಗ ಕಾಣುವುದಕ್ಕೆ ನೆಲದಿಂದ ಕನಿಷ್ಠ ಎಷ್ಟು ಎತ್ತರ ಬೇಕು ಎಂಬ ಅಂಕಿ ಪ್ರತಿ ಚೌಕಕ್ಕೂ ಬರುತ್ತದೆ. ಊರಿನ ಮೇಲೆ ಅದು ಎಲ್ಲಿ ಸೊನ್ನೆಗೆ ಹತ್ತಿರವೋ, ಆ ಜಾಗಕ್ಕೆ ಮಾತ್ರ ಮೇಲಿನ ಫ್ರೆನೆಲ್ ಲೆಕ್ಕ ಹಾಕುತ್ತೇನೆ.